ವಾಂತಿಯಾಗುವ ರೋಗಿಗೆ ಹ್ಯಾಲೊಪೆರಿಡಾಲ್ ಜೊತೆ ಒಂಡಾನ್ಸೆಟ್ರಾನ್ ಕೊಡುವ ಮುನ್ನ

ವಾರ್ಡ್ ಸಿಸ್ಟರ್‌ಗಳೇ, ಈ ಎರಡೂ ಔಷಧಿಗಳು ಇಸಿಜಿಯ ಕ್ಯೂಟಿ ಅಂತರವನ್ನು ಹಿಗ್ಗಿಸುತ್ತವೆ. ವಾಂತಿಯಿಂದ ಪೊಟ್ಯಾಶಿಯಂ ಇಳಿದಿದ್ದರೆ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ಎರಡನೇ ಔಷಧಿಗೆ ಮೊದಲೇ ಒಂದು ಇಸಿಜಿ ತೆಗೆದು, ಪೊಟ್ಯಾಶಿಯಂ, ಮೆಗ್ನೀಶಿಯಂ ಪರೀಕ್ಷೆಗೆ ರಕ್ತ ಕಳಿಸಿ.

ಉದಾಹರಣೆಗೆ, ಮೊದಲು ಕ್ಯೂಟಿಸಿ 440 ಮಿಲಿಸೆಕೆಂಡ್ ಇತ್ತು, ಒಂಡಾನ್ಸೆಟ್ರಾನ್ ಕೊಟ್ಟ ಮೇಲೆ 510 ಆಯಿತು, ಪೊಟ್ಯಾಶಿಯಂ 3.1 ಎನ್ನಿ. 500 ದಾಟಿದರೆ ಅಥವಾ ಮೊದಲಿಗಿಂತ 60ಕ್ಕೂ ಹೆಚ್ಚು ಏರಿದರೆ ಮುಂದಿನ ಡೋಸ್ ತಡೆದು ತಕ್ಷಣ ಡಾಕ್ಟರನ್ನು ಕರೆಯಿರಿ, ಮಾನಿಟರ್ ಹಾಕಿ. ಪೊಟ್ಯಾಶಿಯಂ 4ರ ಮೇಲಿರುವಂತೆ ನೋಡಿಕೊಳ್ಳುವುದು ವಾಡಿಕೆ. ಎಷ್ಟು ಕೊಟ್ಟರೂ ಅದು ಏರದಿದ್ದರೆ ಮೆಗ್ನೀಶಿಯಂ ಕಡಿಮೆ ಇರಬಹುದು. ಇದನ್ನೇ ಹೆಚ್ಚಾಗಿ ಮರೆಯುತ್ತೇವೆ.

ನಾಡಿ ಜೋರಾಗಿದ್ದಾಗ ಯಂತ್ರದ ಬ್ಯಾಜೆಟ್ ಲೆಕ್ಕ ಕ್ಯೂಟಿಸಿಯನ್ನು ಹೆಚ್ಚಾಗಿ ತೋರಿಸುತ್ತದೆ, ಫ್ರಿಡೆರಿಷಿಯಾ ಸೂತ್ರದಿಂದಲೂ ನೋಡಲು ಡಾಕ್ಟರಿಗೆ ಹೇಳಿ. ರೋಗಿ ತಲೆಸುತ್ತಿ ಬಿದ್ದರೆ ಅಥವಾ ಎದೆ ಡವಡವ ಎಂದರೆ ವರದಿಗೆ ಕಾಯದೆ ಆಗಲೇ ಇಸಿಜಿ ತೆಗೆಯಿರಿ.