ಅಂಗಡಿ ದುಡ್ಡಿಗೆ ಕರೆಂಟ್ ಅಕೌಂಟ್: ಶುಲ್ಕ ಕಡಿತ ನಿಂತಿದ್ದು ಹೀಗೆ

ಅಂಗಡಿಯ ನಗದು, ಯುಪಿಐ ಎರಡೂ ನನ್ನ ಉಳಿತಾಯ ಖಾತೆಗೇ ಬರುತ್ತಿದ್ದವು. ತಿಂಗಳ ಮಧ್ಯದಿಂದ ನಗದು ಕಟ್ಟಿದಾಗಲೆಲ್ಲ ಶುಲ್ಕ ಕಡಿತ. ಆಮೇಲೆ, ಈ ಖಾತೆಯಲ್ಲಿ ವ್ಯಾಪಾರ ಮಾಡುವಂತಿಲ್ಲ ಎಂದು ಬ್ಯಾಂಕಿನಿಂದ ಪತ್ರವೂ ಬಂತು.

ಸಣ್ಣ ಮೊತ್ತಗಳಾಗಿ ಕಟ್ಟಿ ನೋಡಿದೆ. ಉಚಿತ ಜಮೆಗಳು ಇನ್ನೂ ಬೇಗ ಮುಗಿದವು. ಅದೇ ಬ್ಯಾಂಕಿನಲ್ಲಿ ಮತ್ತೊಂದು ಉಳಿತಾಯ ಖಾತೆ ತೆರೆದರೂ ಪ್ರಯೋಜನವಿಲ್ಲ. ವರ್ಷಕ್ಕೆ 10 ಲಕ್ಷ ರೂಪಾಯಿ ನಗದು ಜಮೆಯಾದರೆ ಬ್ಯಾಂಕ್ ಆದಾಯ ತೆರಿಗೆ ಇಲಾಖೆಗೆ ತಿಳಿಸುತ್ತದೆ, ಆ ಲೆಕ್ಕ ಎರಡೂ ಖಾತೆ ಸೇರಿಸಿಯೇ. ಕರೆಂಟ್ ಅಕೌಂಟ್‌ಗೆ ಈ ಗಡಿ 50 ಲಕ್ಷ.

ಉದ್ಯಮ್ ನೋಂದಣಿ, ಅಂಗಡಿ ಪರವಾನಗಿ ಕೊಟ್ಟು ಅಂಗಡಿ ಹೆಸರಲ್ಲೇ ಕರೆಂಟ್ ಅಕೌಂಟ್ ತೆರೆದೆ. ಸಹಿಗೆ ಮುಂಚೆ ಶುಲ್ಕಪಟ್ಟಿ ಕೇಳಿ ಪಡೆಯಿರಿ. ನೋಡಬೇಕಾದ್ದು ಎರಡೇ: ಖಾತೆಯಲ್ಲಿ ಸರಾಸರಿ ಬ್ಯಾಲೆನ್ಸ್ ಎಷ್ಟಿರಬೇಕು, ತಿಂಗಳಿಗೆ ಎಷ್ಟು ನಗದು ಉಚಿತ. ಉದಾಹರಣೆಗೆ, 2 ಲಕ್ಷ ಉಚಿತ, ಮೇಲಿನ ಸಾವಿರಕ್ಕೆ 3 ರೂಪಾಯಿ ಅಂದುಕೊಳ್ಳಿ. 3 ಲಕ್ಷ ಕಟ್ಟಿದರೆ 300, ಜಿಎಸ್‌ಟಿ 18% ಸೇರಿ 354. ಕಡಿಮೆ ಬ್ಯಾಲೆನ್ಸ್ ಸಾಕಾಗುವ ಖಾತೆಯಲ್ಲಿ ಉಚಿತ ಮಿತಿಯೂ ಸಾಮಾನ್ಯವಾಗಿ ಕಡಿಮೆ, ಹಾಗಾಗಿ ನಿಮ್ಮ ನಗದಿನ ಲೆಕ್ಕ ಮೊದಲು ಹಾಕಿ.

ನಂತರ ಕ್ಯೂಆರ್ ಆ್ಯಪ್‌ನಲ್ಲಿ ಹಣ ಬೀಳುವ ಖಾತೆ ಬದಲಿಸಿದೆ. 1 ರೂಪಾಯಿ ಕಳಿಸಿ, ಅದು ಹೊಸ ಖಾತೆಗೆ ಬಂದ ಮೇಲೆಯೇ ನಗದನ್ನೂ ಅಲ್ಲಿಗೆ ತಿರುಗಿಸಿದೆ. ಕರೆಂಟ್ ಅಕೌಂಟ್‌ಗೆ ಬಡ್ಡಿ ಇಲ್ಲ ಅಲ್ವಾ, ಮನೆಖರ್ಚಿನ ಹಣ ವಾರಕ್ಕೊಮ್ಮೆ ಉಳಿತಾಯ ಖಾತೆಗೆ ಹೋಗುತ್ತದೆ.