ತಿಂಗಳ ಮಾರಾಟದ ಲೆಕ್ಕ: ಮಾಡೆಲ್ ಹತ್ತಿರ ಹೋಗುವ ಮುಂಚೆ

ನಾನು ನೋಡಿದ ಹೊಸಬರಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ಎಡವುತ್ತಾರೆ. ಮುಂದಿನ ಮಾರಾಟ ಊಹಿಸಲೆಂದು ತಿಂಗಳ ಮಾರಾಟದ ಫೈಲ್ ಕೈಗೆ ಸಿಕ್ಕಿದ ಕೂಡಲೇ ಎಲ್ಲೋ ಓದಿದ ನೆನಪಿನಲ್ಲಿ ಒಂದು ಡಿಫರೆನ್ಸ್ ತೆಗೆಯುತ್ತಾರೆ, ಅಂದರೆ ಈ ತಿಂಗಳಿಂದ ಹಿಂದಿನ ತಿಂಗಳನ್ನು ಕಳೆಯುತ್ತಾರೆ. ಸರಣಿ ಸ್ಟೇಷನರಿಯೋ, ಅಂದರೆ ಒಂದೇ ಮಟ್ಟದ ಸುತ್ತ ನಿಂತಿದೆಯೋ ಎಂದು ನೋಡಲು ಎಡಿಎಫ್ ಎಂಬ ಟೆಸ್ಟ್ ಓಡಿಸಿ, 'ಪಿ ವ್ಯಾಲ್ಯೂ 0.01 ಬಂತು, ಸ್ಟೇಷನರಿ ಆಯ್ತು' ಎಂದು ಖುಷಿಯಾಗಿ ಮಾಡೆಲ್ ಕಟ್ಟಲು ಕೂರುತ್ತಾರೆ. ಆ ಮಾಡೆಲ್ ಕಳೆದ ವರ್ಷದ ಅದೇ ತಿಂಗಳ ಸಂಖ್ಯೆಗಿಂತ ಕೆಟ್ಟ ಊಹೆ ಕೊಡುತ್ತಿದೆ ಎನ್ನುವುದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಅದನ್ನು ಯಾರೂ ಹೋಲಿಸಿಯೇ ಇರುವುದಿಲ್ಲ.

ಅಭ್ಯಾಸಕ್ಕೆ ಕೊಡೆಯ ಮಾರಾಟ ಇಟ್ಟುಕೊಳ್ಳೋಣ. ನಾನೇ ಮಾಡಿಕೊಂಡ ಸಂಖ್ಯೆಗಳು ಇವು. 2021ರಿಂದ 2024ರವರೆಗೆ 48 ತಿಂಗಳು. ಜನವರಿಯಲ್ಲಿ ಮಾರಾಟ ಕಡಿಮೆ, ಜುಲೈಯಲ್ಲಿ ಜಾಸ್ತಿ. ಮೊದಲ ಮೂರು ವರ್ಷದ ಜನವರಿಗಳು 50, 60, 72. ಜುಲೈಗಳು 400, 480, 576.

ಹಂತ 1: ತಿಂಗಳುಗಳನ್ನು ಎಣಿಸಿ

ಎರಡು ನಿಮಿಷದ ಕೆಲಸ, ಆದರೂ ಬಿಡಬೇಡಿ. ಒಂದೂ ಕೊಡೆ ಮಾರಾಟವಾಗದ ತಿಂಗಳಿಗೆ ಬಿಲ್ಲಿಂಗ್ ಫೈಲಿನಲ್ಲಿ ಸಾಲೇ ಇರುವುದಿಲ್ಲ. ಪೈಥಾನ್‌ನ ಪಾಂಡಾಸ್ ಲೈಬ್ರರಿಯ `shift(12)` ಹನ್ನೆರಡು ಸಾಲು ಹಿಂದೆ ಹೋಗುತ್ತದೆಯೇ ಹೊರತು ಹನ್ನೆರಡು ತಿಂಗಳಲ್ಲ. ನಡುವೆ ಒಂದು ಸಾಲು ತಪ್ಪಿದ್ದರೆ ಜುಲೈಯನ್ನು ಹೋದ ವರ್ಷದ ಜೂನ್ ಜೊತೆ ಹೋಲಿಸಿ ಕೂರುತ್ತದೆ. ಎರರ್ ಕೂಡ ತೋರಿಸುವುದಿಲ್ಲ.

```python
import numpy as np

s = s.asfreq('MS')
print(s[s.isna()])
```

ಇಲ್ಲಿ `s` ಎಂದರೆ ತಿಂಗಳ ಮೊದಲ ದಿನಾಂಕವೇ ಇಂಡೆಕ್ಸ್ ಆಗಿರುವ ಮಾರಾಟದ ಪಟ್ಟಿ. ಖಾಲಿ ಕಾಣಿಸಿದ ತಿಂಗಳು ನಿಜಕ್ಕೂ ಸೊನ್ನೆಯೋ, ಸ್ಟಾಕ್ ಖಾಲಿಯಾಗಿತ್ತೋ ಎಂದು ಗೋದಾಮಿನವರನ್ನೇ ಕೇಳಿ. ಸುಮ್ನೆ ಸೊನ್ನೆ ತುಂಬಬೇಡಿ. ಸ್ಟಾಕ್ ಇಲ್ಲದ ತಿಂಗಳಿಗೆ ಸೊನ್ನೆ ಬರೆದರೆ ಕೊಡೆ ಬೇಕೆಂದವರೇ ಇರಲಿಲ್ಲ ಎಂದು ಹೇಳಿದ ಹಾಗೆ.

ಹಂತ 2: ಕೊನೆಯ ಹನ್ನೆರಡು ತಿಂಗಳು ಎತ್ತಿಡಿ

2024 ಪೂರ್ತಿ ಪರೀಕ್ಷೆಗೆ. ಅಲ್ಲೊಂದು ಇಲ್ಲೊಂದು ತಿಂಗಳು ಆರಿಸಬೇಡಿ, ಮುಂದಿನದ್ದನ್ನು ನೋಡಿಕೊಂಡು ಹಿಂದಿನದ್ದನ್ನು ಊಹಿಸಿದ ಹಾಗಾಗುತ್ತದೆ.

```python
train, test = s.loc[:'2023'], s.loc['2024']
```

ಹಂತ 3: ಸ್ಟೇಷನರಿ ಮಾಡುವುದು

ಪೆನ್ನು, ಪುಸ್ತಕ ಮಾರುವ ಸ್ಟೇಷನರಿ ಅಲ್ಲ ಇದು. ಸರಣಿಯ ಯಾವ ತುಂಡು ತೆಗೆದು ನೋಡಿದರೂ ಸರಾಸರಿ ಮಟ್ಟ, ಏರಿಳಿತದ ಅಗಲ ಮತ್ತು ಹಿಂದಿನ ತಿಂಗಳುಗಳ ಜೊತೆಗಿನ ನಂಟು ಹೆಚ್ಚುಕಡಿಮೆ ಒಂದೇ ತರಹ ಇದ್ದರೆ ಅದು ಸ್ಟೇಷನರಿ. ನಮ್ಮ ಕೊಡೆ ಹಾಗಿಲ್ಲ. ವರ್ಷದಿಂದ ವರ್ಷಕ್ಕೆ ಮಟ್ಟ ಏರುತ್ತಿದೆ, ಜುಲೈ ಬಂದಾಗಲೆಲ್ಲ ಗುಡ್ಡ ಎದ್ದು ನಿಲ್ಲುತ್ತದೆ, ಆ ಗುಡ್ಡವೂ ಪ್ರತಿ ವರ್ಷ ಎತ್ತರವಾಗುತ್ತಿದೆ.

ಹೊಸಬರು ಮೊದಲು ಮಾಡುವುದು ಈ ತಿಂಗಳಿಂದ ಹಿಂದಿನ ತಿಂಗಳನ್ನು ಕಳೆಯುವುದು. ಅದರಿಂದ ಏರಿಕೆ ಹೋಗುತ್ತದೆ, ಗುಡ್ಡ ಹೋಗುವುದಿಲ್ಲ. ಮಳೆಗೆ ಮುಂಚೆ ಪ್ರತಿ ವರ್ಷ ದೊಡ್ಡ ಪ್ಲಸ್, ಮಳೆ ಮುಗಿದ ಮೇಲೆ ದೊಡ್ಡ ಮೈನಸ್ ಬಂದೇ ಬರುತ್ತದೆ. ಸೀಸನ್ ಅಲ್ಲೇ ಕೂತಿದೆ. ಎಡಿಎಫ್ ಯಾಕೆ ಹಿಡಿಯಲಿಲ್ಲ ಎಂದರೆ, ಅದು ಹುಡುಕುವುದೇ ಬೇರೆ. ಒಮ್ಮೆ ಬಿದ್ದ ಪೆಟ್ಟಿನಿಂದ ಸರಣಿ ಮತ್ತೆ ತನ್ನ ಮಟ್ಟಕ್ಕೆ ವಾಪಸ್ ಬರುತ್ತದೋ ಇಲ್ಲವೋ ಎನ್ನುವುದಷ್ಟೇ ಅದರ ಪ್ರಶ್ನೆ. ಪ್ರತಿ ವರ್ಷ ತಪ್ಪದೆ ಬರುವ ಗುಡ್ಡದ ಬಗ್ಗೆ ಅದು ಕೇಳುವುದೇ ಇಲ್ಲ. ಹಾಗಾಗಿ ಸೀಸನ್ ಕಣ್ಣಿಗೆ ರಾಚುತ್ತಿದ್ದರೂ ಪಿ ವ್ಯಾಲ್ಯೂ ಚಿಕ್ಕದಾಗಿ ಬರಬಹುದು. ಕೆಪಿಎಸ್‌ಎಸ್ ಎಂಬ ಇನ್ನೊಂದು ಟೆಸ್ಟ್ ಇದೆ. ಅದರಲ್ಲಿ ಚಿಕ್ಕ ಪಿ ಬಂದರೆ ಅರ್ಥ ಉಲ್ಟಾ, ಸ್ಟೇಷನರಿ ಅಲ್ಲ ಎಂದು. ಎರಡನ್ನೂ ಒಂದೇ ತರಹ ಓದಿದವರನ್ನು ನೋಡಿದ್ದೇನೆ. ಮೂರು ವರ್ಷದ ಡೇಟಾ ಇದ್ದರೆ ನಾನಂತೂ ಟೆಸ್ಟ್‌ಗಿಂತ ಗ್ರಾಫನ್ನೇ ನಂಬುತ್ತೇನೆ.

ಸರಿ, ಕಳೆಯುವುದಾದರೆ ಯಾವುದರಿಂದ ಯಾವುದನ್ನು? ಜುಲೈಯಿಂದ ಹೋದ ವರ್ಷದ ಜುಲೈಯನ್ನು. ಮಾಡಿ ನೋಡಿ. ಜನವರಿಯಲ್ಲಿ 10, ಆಮೇಲೆ 12. ಜುಲೈಯಲ್ಲಿ 80, ಆಮೇಲೆ 96. ಸೀಸನ್ ಇನ್ನೂ ಇಣುಕುತ್ತಿದೆ, ಅಲ್ವಾ? ಮಾರಾಟ ಇಷ್ಟು ಕೊಡೆ ಎಂದು ಏರುತ್ತಿಲ್ಲ, ಇಷ್ಟು ಪರ್ಸೆಂಟ್ ಎಂದು ಏರುತ್ತಿದೆ. ಅದಕ್ಕೇ ಮೊದಲು ಲಾಗ್, ಆಮೇಲೆ ಕಳೆಯುವುದು. ಈ ಕ್ರಮ ತಪ್ಪಬಾರದು. ಮೊದಲೇ ಕಳೆದುಬಿಟ್ಟರೆ ಮೈನಸ್ ಸಂಖ್ಯೆ ಬರಬಹುದು, ಅದಕ್ಕೆ ಲಾಗ್ ಇಲ್ಲ. ಮಾರಾಟ ಸೊನ್ನೆ ಇರುವ ತಿಂಗಳಿಗೂ ಲಾಗ್ ಇಲ್ಲ. ನಿಜವಾದ ಸೊನ್ನೆಗಳು ತುಂಬಾ ಇರುವ ಸರಕಿಗೆ ಈ ದಾರಿ ಬೇಡ.

```python
d = np.log(train).diff(12).dropna()
```

ಈಗ ನಾಲ್ಕೂ ಉತ್ತರ ಸುಮಾರು 0.18. ಜನವರಿ ಯಾವುದು, ಜುಲೈ ಯಾವುದು ಎಂದು ಗುರುತೇ ಸಿಗುವುದಿಲ್ಲ. ನಮಗೆ ಬೇಕಾದದ್ದು ಇದೇ. 36 ತಿಂಗಳಲ್ಲಿ ಮೊದಲ 12 ಹೋಗಿ 24 ಉಳಿದವು.

ಇಲ್ಲಿ ನಿಲ್ಲಿಸಿ. 'ಇನ್ನೊಂದು ಸಲ ಕಳೆದರೆ ಇನ್ನೂ ಕ್ಲೀನ್ ಆಗುತ್ತೆ' ಎಂಬ ಆಸೆ ಬರುತ್ತದೆ. `d` ಸಮನಾಗಿ ಹರಡಿದ್ದರೆ ಮತ್ತೆ ಕಳೆಯುವುದು ಹಾನಿ. ಗೊತ್ತಾಗುವುದು ಹೀಗೆ: ಕಳೆದ ಮೇಲೆ `d.std()` ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ, ಒಂದು ತಿಂಗಳ ಹಿಂದಿನದರ ಜೊತೆಗಿನ ಕೋರಿಲೇಷನ್ −0.5ರ ಆಸುಪಾಸಿಗೆ ಇಳಿಯುತ್ತದೆ. ಒಂದು ತಿಂಗಳು ಮೇಲೆ, ಮರುತಿಂಗಳು ಕೆಳಗೆ ಎಂಬ ಈ ಗರಗಸದ ಹಲ್ಲು ಮಾರಾಟದಲ್ಲಿ ಇರಲೇ ಇಲ್ಲ, ನಾವೇ ತಂದು ಹಾಕಿದ್ದು. `d` ಒಂದೇ ದಿಕ್ಕಿಗೆ ತಿಂಗಳುಗಟ್ಟಲೆ ಅಲೆಯುತ್ತಿದ್ದರೆ ಮಾತ್ರ ಎರಡನೇ ಸಲ ಕಳೆಯಿರಿ. ಎಷ್ಟು ಸಲ ಕಳೆಯಬೇಕೆಂದು ತಾನೇ ನಿರ್ಧರಿಸುವ 'ಆಟೋ' ಬಟನ್‌ಗಳಿವೆ. ವರ್ಷಕ್ಕೆ 12 ತಿಂಗಳು ಎಂದು ನಾವು ಹೇಳದಿದ್ದರೆ ಹಲವಕ್ಕೆ ಸೀಸನ್ ಇರುವುದೇ ಗೊತ್ತಾಗುವುದಿಲ್ಲ.

ಹಂತ 4: ಬೇಸ್‌ಲೈನ್

ಬೇಸ್‌ಲೈನ್ ಎಂದರೆ ಬುದ್ಧಿ ಖರ್ಚು ಮಾಡದೆ ಸಿಗುವ ಊಹೆ. ಎರಡು ಸಾಕು. ಒಂದು, ಹೋದ ವರ್ಷದ ಅದೇ ತಿಂಗಳು. ಇನ್ನೊಂದು, ಅದಕ್ಕೆ ಹೋದ ವರ್ಷದ ಬೆಳವಣಿಗೆ ಸೇರಿಸಿದ್ದು. ಆ ಬೆಳವಣಿಗೆ ಹಂತ 3ರ `d`ಯಲ್ಲೇ ಲಾಗ್ ರೂಪದಲ್ಲಿ ಇದೆ, `np.exp` ಅದನ್ನು ವಾಪಸ್ ತಿರುಗಿಸುತ್ತದೆ.

```python
b1 = s.shift(12).loc['2024']
g = np.exp(d.loc['2023'].mean())
b2 = b1 * g
print((test - b1).abs().mean(), (test - b2).abs().mean())
```

ನಮ್ಮ `g` 1.2. 2024ರಲ್ಲಿ ನಿಜವಾಗಿ ಮಾರಾಟವಾದದ್ದು ಜನವರಿಯಲ್ಲಿ 84, ಜುಲೈಯಲ್ಲಿ 650. ಮೊದಲ ಬೇಸ್‌ಲೈನ್ 72 ಮತ್ತು 576 ಎಂದಿತು, ತಪ್ಪಿದ್ದು 12 ಮತ್ತು 74. ಎರಡನೆಯದು 86 ಮತ್ತು 691 ಎಂದಿತು, ತಪ್ಪಿದ್ದು 2 ಮತ್ತು 41. ಈ ಎರಡು ತಿಂಗಳ ಸರಾಸರಿ ತಪ್ಪು ಮೊದಲನೆಯದಕ್ಕೆ 43, ಎರಡನೆಯದಕ್ಕೆ ಸುಮಾರು 22. ನೀವು ಹನ್ನೆರಡೂ ತಿಂಗಳಿಗೆ ಮಾಡಿ. ಯಾವ ಮಾಡೆಲ್ ತಂದರೂ ಈ ಸಂಖ್ಯೆಗಿಂತ ಕಡಿಮೆ ತಪ್ಪಬೇಕು, ಇಲ್ಲದಿದ್ದರೆ ಅದು ಬೇಡ. ತಪ್ಪನ್ನು ಪರ್ಸೆಂಟ್‌ನಲ್ಲಿ ಅಳೆಯಬೇಡಿ. ಜನವರಿಯಲ್ಲಿ ಹತ್ತು ಕೊಡೆ ತಪ್ಪಿದರೂ ಭಾರೀ ತಪ್ಪಿನಂತೆ ಕಾಣುತ್ತದೆ, ಆದರೆ ಗೋದಾಮಿಗೆ ನೋವಾಗುವುದು ಜುಲೈಯ ಕೊಡೆಗಳಿಂದ.

ಇನ್ನೊಂದು ವಿಷಯ ಗಮನಿಸಿ. ಎರಡನೇ ಬೇಸ್‌ಲೈನ್ ಎರಡೂ ತಿಂಗಳಲ್ಲಿ ಜಾಸ್ತಿಯೇ ಹೇಳಿದೆ. ತಪ್ಪುಗಳು ಹೆಚ್ಚಿನ ತಿಂಗಳಲ್ಲಿ ಹೀಗೆ ಒಂದೇ ಕಡೆ ವಾಲಿದ್ದರೆ ಬೆಳವಣಿಗೆ ನಿಧಾನವಾಗಿದೆ ಎಂದು ಲೆಕ್ಕ. ಆಗ `g`ಯನ್ನು ಕೈಯಾರೆ 1.15ಕ್ಕೆ ಇಳಿಸಿ ತಪ್ಪು ಕಡಿಮೆ ತೋರಿಸುವವರಿದ್ದಾರೆ. 2024ನ್ನು ನೋಡಿಕೊಂಡು ತಿದ್ದಿದ ಮೇಲೆ 2024 ಪರೀಕ್ಷೆಯಾಗಿ ಉಳಿಯುವುದಿಲ್ಲ. ಆ ಅಂಕ ಹಾಗೇ ಇರಲಿ. 2025ಕ್ಕೆ ಊಹಿಸುವಾಗ 2024ನ್ನೂ `train`ಗೆ ಸೇರಿಸಿ, `d` ಮತ್ತೆ ಮಾಡಿ, `d.loc['2024']`ರಿಂದ `g` ಹೊಸದಾಗಿ ತೆಗೆಯಿರಿ. ನಮ್ಮ ಎರಡು ತಿಂಗಳ ಲೆಕ್ಕದಲ್ಲಿ ಅದು ಸುಮಾರು 1.15 ಎಂದು ತಾನಾಗಿಯೇ ಬರುತ್ತದೆ, 2025ರ ಜುಲೈಗೆ ಸುಮಾರು 746 ಕೊಡೆ.