ಬಿಲ್‌ನ ಫೋಟೊ ಬಂದಿದೆ, ‘ಯಾಕಿಷ್ಟು?’ ಎಂದಷ್ಟೇ ಕೇಳಿದ್ದಾರೆ: ಉತ್ತರ ಹುಡುಕುವುದು ಹೇಗೆ?

ಮೇ ತಿಂಗಳ ಮೊದಲ ವಾರ ಬಂತೆಂದರೆ ನನ್ನ ಮೊಬೈಲ್‌ಗೆ ವಿದ್ಯುತ್ ಬಿಲ್‌ಗಳ ಫೋಟೊಗಳು ಬರತೊಡಗುತ್ತವೆ. ವಿಜಯಪುರದ ಓಣಿಯವರು, ಬಾಗಲಕೋಟೆಯ ನೆಂಟರು, ಬೆಳಗಾವಿಯಲ್ಲಿ ಬಾಡಿಗೆಗೆ ಇರುವ ಹುಡುಗರು, ಎಲ್ಲರದೂ ಒಂದೇ ಸಾಲು: “ಯಾಕಿಷ್ಟು ಬಂದಿದೆ, ನೋಡಿ ಹೇಳಿ ಅಣ್ಣಾ.” ‘ಬೇಸಿಗೆ ಅಲ್ಲವೇ, ಕೂಲರ್ ಜಾಸ್ತಿ ಓಡಿರಬೇಕು’ ಎಂದು ಉತ್ತರಿಸುವುದು ಸುಲಭ. ಆದರೆ ಕೂಲರ್ ಓಡಿದ್ದು ಅವರಿಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು ಬಿಲ್‌ನಲ್ಲಿ ಈ ತಿಂಗಳು ಹೊಸದಾಗಿ ಕಾಣಿಸಿಕೊಂಡ ಸಾಲು. ಅದನ್ನು ಹುಡುಕಿ ಕೊಡುವುದೇ ಉತ್ತರ.

ಬಾಗಲಕೋಟೆಯ ನವನಗರದ ಒಂದು ಮನೆಯ ಬಿಲ್ ಎಂದುಕೊಂಡು ಲೆಕ್ಕವನ್ನು ಕೊನೆಯವರೆಗೂ ಮಾಡಿ ನೋಡೋಣ. ಮಂಜೂರಾದ ಲೋಡ್ 2 ಕಿಲೋವ್ಯಾಟ್. ಗೃಹಜ್ಯೋತಿ ಇರುವುದರಿಂದ ತಿಂಗಳುಗಟ್ಟಲೆ ಸೊನ್ನೆ ಬಿಲ್ಲೇ ಬರುತ್ತಿತ್ತು. ಮೇ 5ರ ಬಿಲ್‌ನಲ್ಲಿ ಮಾತ್ರ ಒಟ್ಟು ₹2,460.

ಮೊದಲು ಫೋಟೊ ಪೂರ್ತಿ ಇದೆಯೇ ನೋಡಿ

ಹೆಚ್ಚಿನವರು ಒಟ್ಟು ಮೊತ್ತದ ಸುತ್ತಲಿನ ಭಾಗವನ್ನಷ್ಟೇ ಫೋಟೊ ತೆಗೆದು ಕಳಿಸುತ್ತಾರೆ. ಆದರೆ ಕಾರಣ ಇರುವುದು ಆ ಅಂಕಿಯ ಮೇಲಿನ ಸಾಲುಗಳಲ್ಲಿ. ಬಿಲ್‌ನ ತಲೆಯಿಂದ ಬುಡದವರೆಗೆ ಕಾಣುವ ಫೋಟೊ ಕೇಳಿ. ಅದರ ಜೊತೆಗೆ ಕಳೆದ ತಿಂಗಳ ಬಿಲ್ಲನ್ನೂ ಕೇಳಿ. ಒಂದೇ ಬಿಲ್ ನೋಡಿ ‘ಇದು ಹೊಸದು’ ಎಂದು ಹೇಳಲಾಗುವುದಿಲ್ಲ, ಎರಡನ್ನು ಪಕ್ಕಪಕ್ಕ ಇಟ್ಟಾಗಲೇ ಅದು ತಿಳಿಯುವುದು.

ಮೀಟರ್ ರೀಡರ್ ಕೈಯಂತ್ರದಿಂದ ಹರಿದುಕೊಡುವ ಬಿಲ್‌ನ ಕಾಗದ ಶಾಖಕ್ಕೆ ಬಹಳ ಬೇಗ ಮಾಸುತ್ತದೆ. ನಮ್ಮ ಕಡೆಯ ಬಿಸಿಲಿನಲ್ಲಿ ಗೇಟಿನ ಸರಳಿಗೆ ಸಿಕ್ಕಿಸಿಟ್ಟ ಬಿಲ್ ಸಂಜೆಯ ಹೊತ್ತಿಗೆ 3 ಯಾವುದು, 8 ಯಾವುದು ಎಂದು ತಿಳಿಯದಂತಾಗಿರುತ್ತದೆ. ಫೋಟೊದಲ್ಲಿ ಅಂಕಿ ಮಸುಕಾಗಿದ್ದರೆ ಊಹಿಸಬೇಡಿ, ಲೆಕ್ಕ ಹಾಕಿ ನೋಡಿ. ಇಂದಿನ ರೀಡಿಂಗ್‌ನಿಂದ ಹಿಂದಿನ ರೀಡಿಂಗ್ ಕಳೆದರೆ ಬಳಸಿದ ಯೂನಿಟ್ ಬರಬೇಕು. ಆ ಯೂನಿಟ್ಟನ್ನು ದರದಿಂದ ಗುಣಿಸಿದರೆ ವಿದ್ಯುತ್ ಶುಲ್ಕ ಬರಬೇಕು. ನವನಗರದ ಬಿಲ್‌ನಲ್ಲಿ ಇಂದಿನ ರೀಡಿಂಗ್ 6620, ಹಿಂದಿನದು 6412. ವ್ಯತ್ಯಾಸ 208. ಬಿಲ್‌ನಲ್ಲಿ ಮುದ್ರಿತವಾದ ಯೂನಿಟ್ ಕೂಡ 208. ಅಂದರೆ ಅಂಕಿಗಳನ್ನು ಸರಿಯಾಗಿಯೇ ಓದಿದ್ದೇವೆ.

ಸಾಲುಗಳನ್ನು ಬಿಡಿಸಿ ಬರೆಯಿರಿ

ಒಟ್ಟು ಮೊತ್ತವನ್ನು ಪಕ್ಕಕ್ಕಿಟ್ಟು ಒಂದೊಂದೇ ಸಾಲನ್ನು ಕಾಗದದ ಮೇಲೆ ಬರೆದುಕೊಳ್ಳಿ. ಇಲ್ಲಿ ಬಳಸುತ್ತಿರುವುದು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ 2025–26ಕ್ಕೆ ಗೊತ್ತುಪಡಿಸಿದ ಗೃಹಬಳಕೆಯ ದರಗಳು. ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ ₹145, ಹಾಗಾಗಿ 2 ಕಿಲೋವ್ಯಾಟ್‌ಗೆ ₹290. ವಿದ್ಯುತ್ ಶುಲ್ಕ ಯೂನಿಟ್‌ಗೆ ₹5.80ರಂತೆ 208 ಯೂನಿಟ್‌ಗೆ ₹1,206.40. ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ ಮತ್ತು ಗ್ರ್ಯಾಚುಟಿಗಾಗಿ ಯೂನಿಟ್‌ಗೆ 36 ಪೈಸೆ, ಅದು ₹74.88. ವಿದ್ಯುತ್ ಶುಲ್ಕದ ಮೇಲೆ ಶೇ 9ರಷ್ಟು ತೆರಿಗೆ, ₹108.58. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ ಎಂಬ ಇನ್ನೊಂದು ಸಾಲಿರುತ್ತದೆ. ಅದು ಹೆಚ್ಚು ಕಡಿಮೆ ಆಗುತ್ತಿರುವುದರಿಂದ ಲೆಕ್ಕ ಸುಲಭವಾಗಲೆಂದು ಇಲ್ಲಿ ಬಿಟ್ಟಿದ್ದೇನೆ.

ಇಷ್ಟನ್ನೂ ಕೂಡಿಸಿದರೆ ₹1,679.86. ಬಿಲ್‌ನಲ್ಲಿರುವುದು ₹2,460. ಉಳಿದ ₹780 ಎಲ್ಲಿಂದ ಬಂತು? ಕೆಳಗಿನ ಸಾಲಿನಲ್ಲಿದೆ: ಹೆಚ್ಚುವರಿ ಭದ್ರತಾ ಠೇವಣಿ.

ಈ ಒಂದು ಸಾಲನ್ನು ಕೇಳಿದವರಿಗೆ ಬಿಡಿಸಿ ಹೇಳಲೇಬೇಕು. ಅದು ಬಳಕೆಯ ಹಣವೂ ಅಲ್ಲ, ದಂಡವೂ ಅಲ್ಲ. ಪ್ರತಿ ಗ್ರಾಹಕರ ಹೆಸರಿನಲ್ಲಿ ಸುಮಾರು ಎರಡು ತಿಂಗಳ ಬಿಲ್‌ನಷ್ಟು ಹಣ ಠೇವಣಿಯಾಗಿ ಇರಬೇಕೆಂಬುದು ನಿಯಮ. ವರ್ಷಕ್ಕೊಮ್ಮೆ ಹಿಂದಿನ ವರ್ಷದ ಸರಾಸರಿ ನೋಡಿ, ಇರುವ ಠೇವಣಿ ಸಾಲದಿದ್ದರೆ ಕೊರತೆಯನ್ನು ಕೇಳುತ್ತಾರೆ. ಆ ಹಣ ಗ್ರಾಹಕರದೇ. ಅದಕ್ಕೆ ಬಡ್ಡಿ ಬಿಲ್‌ನಲ್ಲೇ ಜಮೆಯಾಗುತ್ತದೆ, ಸಂಪರ್ಕ ಬಿಟ್ಟುಕೊಟ್ಟಾಗ ಬಾಕಿ ಏನಾದರೂ ಇದ್ದರೆ ಕಳೆದುಕೊಂಡು ಮರಳಿಸುತ್ತಾರೆ. ‘ಮುಂದಿನ ತಿಂಗಳೂ ಇಷ್ಟೇ ಬರುತ್ತದೆಯೇ?’ ಎಂಬ ಭಯ ಕೇಳುವವರ ಮನಸ್ಸಿನಲ್ಲಿ ಇದ್ದೇ ಇರುತ್ತದೆ, ಅವರು ಬಾಯಿಬಿಟ್ಟು ಹೇಳದಿದ್ದರೂ. ಈ ₹780 ಮುಂದಿನ ತಿಂಗಳು ಬರುವುದಿಲ್ಲ ಎಂಬ ಮಾತನ್ನು ಅವರಿಗೆ ನೀವಾಗಿಯೇ ಹೇಳಿ.

208 ಯೂನಿಟ್ ಎಷ್ಟು ದಿನದ್ದು?

ನಿಜವಾದ ಗಂಟು ಇರುವುದು ಇಲ್ಲಿ. ಗೃಹಜ್ಯೋತಿಯಲ್ಲಿ ಒಂದು ಮನೆಗೆ ಉಚಿತವಾಗಿ ಸಿಗುವುದು 2022–23ರ ತಿಂಗಳ ಸರಾಸರಿ ಮತ್ತು ಅದರ ಮೇಲೆ ಶೇ 10. ಈ ಮನೆಯ ಸರಾಸರಿ 84 ಇತ್ತೆಂದರೆ ಅರ್ಹತೆ 92 ಯೂನಿಟ್. ಅದನ್ನು ದಾಟಿ 200ರ ಒಳಗೆ ಬಳಸಿದರೆ, ದಾಟಿದ ಯೂನಿಟ್‌ಗಳ ಹಣ ಮಾತ್ರ ಕಟ್ಟಬೇಕು. 200 ದಾಟಿತೋ, ಆ ತಿಂಗಳ ಮಟ್ಟಿಗೆ ಪೂರ್ತಿ ಬಿಲ್ ಕಟ್ಟಬೇಕು. ಆದ್ದರಿಂದ 208 ಎಂಬ ಅಂಕಿ ಕಂಡ ಕೂಡಲೇ ‘200 ದಾಟಿದೆ, ಅದಕ್ಕೇ ಇಷ್ಟು’ ಎಂದು ಹೇಳಿ ಮುಗಿಸಬೇಕೆನಿಸುತ್ತದೆ. ನಾನೂ ಹಿಂದೆ ಹಾಗೆ ಹೇಳಿ ಕಳಿಸಿದ್ದೇನೆ, ಅದು ಅವಸರದ ಉತ್ತರವಾಗಿತ್ತು.

ಹೇಳುವ ಮುಂಚೆ ಹಿಂದಿನ ರೀಡಿಂಗ್ ಪಕ್ಕದಲ್ಲಿರುವ ದಿನಾಂಕ ನೋಡಿ. ಆಮೇಲೆ ಏಪ್ರಿಲ್ ಬಿಲ್ ತೆಗೆಯಿರಿ. ಈ ಮನೆಯ ಏಪ್ರಿಲ್ ಬಿಲ್‌ನಲ್ಲಿ ಹಿಂದಿನ ರೀಡಿಂಗ್ 6412, ಇಂದಿನ ರೀಡಿಂಗ್ ಕೂಡ 6412. ಆದರೂ ಬಳಕೆ 84 ಯೂನಿಟ್ ಎಂದಿದೆ. ಮೀಟರ್ ಮುಂದೆ ಹೋಗದೆ ಯೂನಿಟ್ ಮಾತ್ರ ಬಂದದ್ದು ಹೇಗೆ? ಮೀಟರ್‌ನ ಸ್ಥಿತಿ ಎಂಬಲ್ಲಿ ‘ಡೋರ್ ಲಾಕ್’ ಎಂದಿದೆ, ಕೆಲವು ಬಿಲ್‌ಗಳಲ್ಲಿ DL ಎಂಬ ಎರಡಕ್ಷರ ಮಾತ್ರ ಇರುತ್ತದೆ. ಮನೆಯವರು ಮದುವೆಗೆಂದು ಊರಿಗೆ ಹೋಗಿದ್ದರು, ಗೇಟಿಗೆ ಬೀಗವಿತ್ತು, ಮೀಟರ್ ಕಾಂಪೌಂಡ್‌ನ ಒಳಗಿತ್ತು. ರೀಡಿಂಗ್ ಸಿಗದ ಕಾರಣ ಸರಾಸರಿಯ ಮೇಲೆ ಬಿಲ್ ಹಾಕಲಾಯಿತು. ಅದು ಅರ್ಹತೆಯ ಒಳಗೇ ಇದ್ದುದರಿಂದ ಸೊನ್ನೆ ಬಂತು, ಯಾರೂ ಗಮನಿಸಲಿಲ್ಲ.

ಅಂದರೆ ಮೇ ಬಿಲ್‌ನ 208 ಯೂನಿಟ್ ಮಾರ್ಚ್ 5ರಿಂದ ಮೇ 5ರವರೆಗಿನದು, ಎರಡು ತಿಂಗಳದ್ದು. ತಿಂಗಳಿಗೆ 104. ಗೃಹಜ್ಯೋತಿಯ 200ರ ಮಿತಿ ಇರುವುದು ಒಂದು ತಿಂಗಳಿಗೆ. ಎರಡು ತಿಂಗಳ ಬಳಕೆಯನ್ನು ಒಂದು ತಿಂಗಳ ಅಳತೆಗೋಲಿನಿಂದ ಅಳೆದರೆ ಲೆಕ್ಕ ತಪ್ಪುತ್ತದೆ.

ಸರಿಯಾದ ಲೆಕ್ಕ ಹೀಗಾಗಬೇಕು: ತಿಂಗಳಿಗೆ 104ರಲ್ಲಿ 92 ಉಚಿತ, 12 ಹೆಚ್ಚುವರಿ. ಎರಡು ತಿಂಗಳಿಗೆ 24 ಯೂನಿಟ್. ವಿದ್ಯುತ್ ಶುಲ್ಕ, ಪಿಂಚಣಿಯ 36 ಪೈಸೆ, ತೆರಿಗೆ ಮೂರೂ ಸೇರಿ ಯೂನಿಟ್‌ಗೆ ಸುಮಾರು ₹6.68 ಬೀಳುತ್ತದೆ. 24 ಯೂನಿಟ್‌ಗೆ ಸುಮಾರು ₹160. ಬಿಲ್ ಕೇಳುತ್ತಿರುವ ₹1,680 ಎಲ್ಲಿ, ಈ ₹160 ಎಲ್ಲಿ!

ಈ ಮಾತು ಎಲ್ಲ ಬಿಲ್‌ಗಳಿಗೂ ಹೊಂದುವುದಿಲ್ಲ. ಏಪ್ರಿಲ್‌ನಲ್ಲಿ ನಿಜವಾದ ರೀಡಿಂಗ್ ಆಗಿದ್ದು, 208 ಯೂನಿಟ್ ಮೂವತ್ತೇ ದಿನಗಳಲ್ಲಿ ಓಡಿದ್ದರೆ ₹1,680 ನ್ಯಾಯವಾದ ಬಿಲ್. ಹಾಗಿದ್ದರೆ ಹಾಗೆಂದೇ ಹೇಳಬೇಕು, ಕೇಳಿದವರಿಗೆ ಬೇಸರವಾದರೂ ಸರಿ.

ಮೀಟರ್ ಮುಂದೆ ನಿಲ್ಲಿಸಿ

ಉತ್ತರ ಕಳಿಸುವ ಮುಂಚೆ ಮೀಟರ್‌ನ ಫೋಟೊ ಒಂದನ್ನು ಕೇಳಿ. ಡಿಜಿಟಲ್ ಮೀಟರ್ ಪರದೆಯಲ್ಲಿ ಅಂಕಿಗಳು ಬದಲಾಗುತ್ತಿರುತ್ತವೆ: ದಿನಾಂಕ, ವೇಳೆ, ವೋಲ್ಟೇಜ್ ಎಲ್ಲವೂ ಬಂದು ಹೋಗುತ್ತವೆ. ಪಕ್ಕದಲ್ಲಿ kWh ಎಂದು ಕಾಣುವ ಕ್ಷಣದಲ್ಲಿ ಫೋಟೊ ತೆಗೆಯಲು ಹೇಳಿ. ಆ ಅಂಕಿ 6620ಕ್ಕಿಂತ ತುಸು ಹೆಚ್ಚಿರಬೇಕು, ಬಿಲ್ ಬಂದ ಮೇಲೆ ಓಡಿದ ಯೂನಿಟ್ ಅದು. ಅದಕ್ಕಿಂತ ಕಡಿಮೆ ಇದ್ದರೆ ಬಿಲ್‌ನಲ್ಲಿ ರೀಡಿಂಗ್ ತಪ್ಪಾಗಿ ನಮೂದಾಗಿದೆ, ಬೇರೆ ಯಾವ ಲೆಕ್ಕವೂ ಬೇಕಿಲ್ಲ.

ರೀಡಿಂಗ್ ಸರಿಯಿದ್ದು, ಬಳಕೆ ಮಾತ್ರ ನಂಬಲಾಗದಷ್ಟು ಇದ್ದರೆ, ಮನೆಯ ಮೇನ್ ಸ್ವಿಚ್ ಆರಿಸಿ ಮೀಟರ್‌ನ ಕೆಂಪು ದೀಪ ನೋಡಲು ಹೇಳಿ. ವಿದ್ಯುತ್ ಹರಿಯುವಾಗ ಅದು ಮಿನುಗುತ್ತದೆ, ಬಳಕೆ ಹೆಚ್ಚಾದಷ್ಟೂ ಬೇಗ ಬೇಗ. ಮೇನ್ ಆರಿಸಿದ ಮೇಲೂ ಮಿನುಗುತ್ತಲೇ ಇದ್ದರೆ, ಮೀಟರ್ ಮತ್ತು ಮೇನ್ ನಡುವೆ ಎಲ್ಲೋ ಬೇರೆ ತಂತಿ ಸೇರಿದೆ ಅಥವಾ ಮೀಟರ್‌ನಲ್ಲೇ ದೋಷವಿದೆ. ಅಲ್ಲಿಂದ ಮುಂದಿನದು ಫೋಟೊ ನೋಡಿ ಹೇಳುವ ಮಾತಲ್ಲ. ಮೀಟರ್ ಪರೀಕ್ಷೆಗೆ ಅರ್ಜಿ ಕೊಡಬೇಕು, ಯಾರೂ ತಾವೇ ಸೀಲ್ ಮುಟ್ಟಬಾರದು.

ಉತ್ತರ ಹೀಗಿರಲಿ

ಕೇಳಿದ್ದು ಒಂದು ಸಾಲು, ಉತ್ತರದ ಮೊದಲ ಸಾಲಿನಲ್ಲೇ ಕಾರಣ ಬರಲಿ. ನವನಗರದ ಮನೆಗೆ ನಾನು ಬರೆಯುವುದು ಇಷ್ಟು: “ಅಕ್ಕಾ, ನೀವು ಊರಿಗೆ ಹೋದಾಗ ಏಪ್ರಿಲ್‌ನಲ್ಲಿ ರೀಡಿಂಗ್ ಆಗಿರಲಿಲ್ಲ. ಎರಡು ತಿಂಗಳ ಯೂನಿಟ್ ಒಟ್ಟಿಗೆ ಬಂದು 200 ದಾಟಿದೆ, ಅದಕ್ಕೆ ಉಚಿತ ತಪ್ಪಿ ₹1,680 ಬಂದಿದೆ. ಎರಡು ತಿಂಗಳಿಗೆ ಹಂಚಿದರೆ ಸುಮಾರು ₹160 ಆಗಬೇಕು. ಉಳಿದ ₹780 ಠೇವಣಿ, ಅದು ನಿಮ್ಮದೇ ಹಣ, ಪ್ರತಿ ತಿಂಗಳು ಬರುವುದಿಲ್ಲ. ಕಟ್ಟುವ ಮೊದಲು ಎರಡೂ ಬಿಲ್ ಮತ್ತು ಮೀಟರ್ ಫೋಟೊ ತೆಗೆದುಕೊಂಡು ಉಪವಿಭಾಗ ಕಚೇರಿಗೆ ಹೋಗಿ.”

ಕಚೇರಿಯಲ್ಲಿ ಬಾಯಿಮಾತಿನಲ್ಲಿ ಕೇಳಿ ಬರುವುದಕ್ಕಿಂತ ಅರ್ಧ ಪುಟದ ಅರ್ಜಿ ಕೊಡುವುದು ಒಳ್ಳೆಯದು. ಆರ್.ಆರ್. ಸಂಖ್ಯೆ, ಎರಡು ಬಿಲ್‌ಗಳ ದಿನಾಂಕ, ‘ಡೋರ್ ಲಾಕ್ ಆದ ಏಪ್ರಿಲ್‌ನ ಸರಾಸರಿ ಬಿಲ್ ರದ್ದುಪಡಿಸಿ, 208 ಯೂನಿಟ್‌ಗಳನ್ನು ಎರಡು ತಿಂಗಳಿಗೆ ವಿಂಗಡಿಸಿ ಮರುಲೆಕ್ಕ ಮಾಡಿಕೊಡಬೇಕು’ ಎಂಬ ಒಂದೇ ಕೋರಿಕೆ ಸಾಕು. ನಕಲಿನ ಮೇಲೆ ಸ್ವೀಕೃತಿಯ ಸಹಿ ಮತ್ತು ಮುದ್ರೆ ಹಾಕಿಸಿಕೊಳ್ಳಲಿ. ಹೋಗಲಾಗದವರು 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಬಹುದು.

ಮರುಲೆಕ್ಕ ಆಗುವಷ್ಟರಲ್ಲಿ ಕೊನೆಯ ದಿನ ಬಂದರೆ ಏನು ಗತಿ ಎಂಬ ಆತಂಕ ಸಹಜ. ಸುಮ್ಮನೆ ಕಟ್ಟದೆ ಬಿಟ್ಟರೆ ಬಡ್ಡಿ ಸೇರುತ್ತದೆ. 2003ರ ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್ ಇದಕ್ಕೊಂದು ದಾರಿ ಇಟ್ಟಿದೆ. ಬಿಲ್ ಬಗ್ಗೆ ವಿವಾದ ಇದ್ದಾಗ, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳು ಕಟ್ಟಿದ ಹಣದ ಸರಾಸರಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಆಕ್ಷೇಪಣೆಯೊಂದಿಗೆ ಕಟ್ಟಿದರೆ, ವಿವಾದ ಮುಗಿಯುವವರೆಗೆ ಸಂಪರ್ಕ ಕಡಿಯುವಂತಿಲ್ಲ. ಬಾಕಿಗಾಗಿ ಕಡಿಯುವುದಾದರೂ ಹದಿನೈದು ಪೂರ್ಣ ದಿನಗಳ ಲಿಖಿತ ನೋಟಿಸ್ ಕೊಟ್ಟಿರಬೇಕು. ‘ಆಕ್ಷೇಪಣೆಯೊಂದಿಗೆ ಪಾವತಿ’ ಎಂಬ ಮಾತನ್ನು ಅರ್ಜಿಯಲ್ಲಿ ಬರೆದೇ ಹಣ ಕಟ್ಟಬೇಕು.

ಜೂನ್ ಬಿಲ್ ಬಂದಾಗ ಅದರ ಫೋಟೊವನ್ನೂ ಕಳಿಸಲು ಹೇಳಿಡಿ. ಹಿಂದಿನ ರೀಡಿಂಗ್ ಎಂಬಲ್ಲಿ 6620 ಇರಬೇಕು, ಮರುಲೆಕ್ಕದ ಹಣ ಜಮೆಯಾಗಿರಬೇಕು, ಠೇವಣಿಯ ಸಾಲು ಮಾಯವಾಗಿರಬೇಕು. ₹1,680 ಹಿಂಬಾಕಿ ಎಂದು ಮತ್ತೆ ಕಾಣಿಸಿಕೊಂಡರೆ, ಮುದ್ರೆ ಬಿದ್ದ ಆ ನಕಲು ಪ್ರತಿಯನ್ನು ತೆಗೆದುಕೊಂಡು ಅದೇ ಕಚೇರಿಗೆ ಮತ್ತೊಮ್ಮೆ ಹೋಗಬೇಕು.